ಶಿಫ್ಟ್ ಒತ್ತದೆಯೂ ಮಾಯವಾದ ಫೋಲ್ಡರ್

ಮಧ್ಯಾಹ್ನ ಮೂರೂವರೆಯ ಹೊತ್ತು. ಲೆಕ್ಕಪತ್ರದ ಮೇಜಿನ ಹುಡುಗಿ ಓಡಿಬಂದಳು. "ಸರ್, Z: ಡ್ರೈವ್‌ನಲ್ಲಿದ್ದ ಬಿಲ್ ಫೋಲ್ಡರ್ ಡಿಲೀಟ್ ಆಗ್ಬಿಟ್ಟಿದೆ. ರಿಸೈಕಲ್ ಬಿನ್‌ನಲ್ಲೂ ಇಲ್ಲ. ದೇವರಾಣೆಗೂ ನಾನು ಶಿಫ್ಟ್ ಒತ್ತಿಲ್ಲ." ಅವಳು ಹೇಳಿದ್ದು ನಿಜವೇ ಆಗಿತ್ತು. ನಾನು ಸರ್ವರ್ ಮುಂದೆ ಕೂತು ಅಲ್ಲಿನ ಬಿನ್ ಕೂಡ ತೆರೆದೆ. ಖಾಲಿ.

ಡೆಸ್ಕ್‌ಟಾಪ್ ಮೇಲಿನ ಆ ಬುಟ್ಟಿಯ ಚಿತ್ರ ನೋಡಿ ಕಂಪ್ಯೂಟರಿಗೆಲ್ಲ ಸೇರಿ ಒಂದೇ ಬುಟ್ಟಿ ಇದೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. C: ಡ್ರೈವ್‌ಗೆ ಒಂದು, D: ಡ್ರೈವ್‌ಗೆ ಒಂದು, ಹೀಗೆ ಪ್ರತಿ ಡ್ರೈವ್‌ನ ಬುಡದಲ್ಲೂ $Recycle.Bin ಎಂಬ ಫೋಲ್ಡರ್ ಅಡಗಿರುತ್ತದೆ. ಡೆಸ್ಕ್‌ಟಾಪ್‌ನ ಬುಟ್ಟಿ ಇವೆಲ್ಲವನ್ನೂ ಒಟ್ಟುಗೂಡಿಸಿ ತೋರಿಸುವ ಕಿಟಕಿ, ಅಷ್ಟೇ. ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಟ್ಟರೆ ಅದು ಕಣ್ಣಿಗೆ ಬೀಳುತ್ತದೆ:

```
dir /a D:\$Recycle.Bin
```

ಒಳಗೆ S-1-5-21 ಎಂದು ಶುರುವಾಗುವ ಉದ್ದುದ್ದ ಹೆಸರಿನ ಫೋಲ್ಡರ್‌ಗಳು ಕಾಣುತ್ತವೆ. ಆ ಯಂತ್ರ ಬಳಸುವ ಒಬ್ಬೊಬ್ಬರಿಗೂ ವಿಂಡೋಸ್ ಕೊಟ್ಟಿರುವ ಗುರುತಿನ ಸಂಖ್ಯೆ ಅದು. ನಿಮ್ಮ ಕಸ ನಿಮ್ಮ ಹೆಸರಿನಲ್ಲಿ, ಪಕ್ಕದವರದು ಅವರ ಹೆಸರಿನಲ್ಲಿ.

ಡಿಲೀಟ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಇಲ್ಲಿ ಹತ್ತಿರದಿಂದ ನೋಡಬಹುದು. D: ಡ್ರೈವ್‌ನ bill.pdf ಅಳಿಸಿದಿರಿ ಎನ್ನಿ. ಅದು ನಿಮ್ಮ ಗುರುತಿನ ಫೋಲ್ಡರ್‌ಗೆ ಸೇರಿ $R4K7QZM.pdf ಎಂಬಂಥ ಹೆಸರು ಪಡೆಯುತ್ತದೆ. ಅದರ ಜೊತೆಗೇ $I4K7QZM.pdf ಎಂಬ ಪುಟ್ಟ ಚೀಟಿ ಹುಟ್ಟುತ್ತದೆ. ಕಡತ ಮೊದಲು ಎಲ್ಲಿತ್ತು, ಎಷ್ಟು ದೊಡ್ಡದು, ಯಾವಾಗ ಅಳಿಸಿದ್ದು ಎಂಬುದೆಲ್ಲ ಆ ಚೀಟಿಯಲ್ಲಿ ಬರೆದಿರುತ್ತದೆ. ರಿಸ್ಟೋರ್ ಮಾಡಿದಾಗ ಕಡತ ದಾರಿ ತಪ್ಪದೆ ಮನೆಗೆ ಮರಳುವುದು ಇದರಿಂದಲೇ. ಇದಿಷ್ಟರಲ್ಲಿ ಕಡತದೊಳಗಿನ ಮಾಹಿತಿ ಡಿಸ್ಕ್‌ನ ಮೇಲೆ ಕೂತಲ್ಲಿಂದ ಅಲುಗುವುದಿಲ್ಲ. ಬದಲಾಗುವುದು ಹೆಸರು, ವಿಳಾಸ ಮಾತ್ರ. 40 ಜಿಬಿ ಫೋಲ್ಡರ್ ಕ್ಷಣದಲ್ಲಿ ಬುಟ್ಟಿ ಸೇರುವುದೂ, ಬುಟ್ಟಿ ಖಾಲಿ ಮಾಡುವ ತನಕ ಡಿಸ್ಕ್‌ನಲ್ಲಿ ಜಾಗ ತೆರವಾಗದಿರುವುದೂ ಈ ಕಾರಣಕ್ಕೆ. ಹೆಸರು ಬದಲಿಸುವ ಈ ಕೈಚಳಕ ಒಂದೇ ಡ್ರೈವ್‌ನೊಳಗೆ ಮಾತ್ರ ನಡೆಯುವುದರಿಂದ ಪ್ರತಿ ಡ್ರೈವ್‌ಗೂ ತನ್ನದೇ ಬುಟ್ಟಿ ಬೇಕು.

ಈಗ Z: ಡ್ರೈವ್‌ಗೆ ಬನ್ನಿ. ಅದು ಅವಳ ಕಂಪ್ಯೂಟರಿನ ಡಿಸ್ಕ್ ಅಲ್ಲ, ಸರ್ವರ್‌ನಲ್ಲಿರುವ ಹಂಚಿಕೆ ಫೋಲ್ಡರ್‌ಗೆ ಇಟ್ಟ ಅಡ್ಡಹೆಸರು. ಅದನ್ನು ಅವಳ ಬುಟ್ಟಿಗೆ ಹಾಕಬೇಕೆಂದರೆ ಇಡೀ ಫೋಲ್ಡರನ್ನು ನೆಟ್‌ವರ್ಕ್ ತಂತಿಯ ಮೂಲಕ ಅವಳ C: ಡ್ರೈವ್‌ಗೆ ನಕಲು ಮಾಡಬೇಕಾಗುತ್ತದೆ. ವಿಂಡೋಸ್ ಆ ಕೆಲಸಕ್ಕೆ ಇಳಿಯುವುದಿಲ್ಲ. 'ಇದನ್ನು ಅಳಿಸು' ಎಂದು ಸರ್ವರ್‌ಗೆ ಹೇಳಿ ಕಳಿಸುತ್ತದೆ, ಸರ್ವರ್ ಅಳಿಸಿಬಿಡುತ್ತದೆ.

ಹಾಗಾದರೆ ಸರ್ವರ್ ತನ್ನ ಬುಟ್ಟಿಗಾದರೂ ಹಾಕಿಕೊಳ್ಳಬಾರದಿತ್ತೇ? ಬುಟ್ಟಿಗೆ ಹಾಕುವುದು ಡಿಸ್ಕ್‌ನ ಗುಣವಲ್ಲ, ಕೂತು ಕೆಲಸ ಮಾಡುವವರ ಮುಂದೆ ತೆರೆದಿರುವ ಎಕ್ಸ್‌ಪ್ಲೋರರ್ ಎಂಬ ಪ್ರೋಗ್ರಾಮ್ ಮಾಡುವ ಕೆಲಸ. ನಾನೇ ಸರ್ವರ್ ಮುಂದೆ ಕೂತು ಅದೇ ಫೋಲ್ಡರನ್ನು D:\Accounts ದಾರಿಯಿಂದ ಅಳಿಸಿದ್ದರೆ ಅದು ಅಲ್ಲಿನ ಬುಟ್ಟಿಗೆ ಬೀಳುತ್ತಿತ್ತು. ನೆಟ್‌ವರ್ಕ್‌ನಿಂದ ಬಂದ ಆಜ್ಞೆ ಎಕ್ಸ್‌ಪ್ಲೋರರ್ ಹತ್ತಿರ ಹಾಯುವುದೇ ಇಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ del ಕೊಟ್ಟರೆ ಸ್ವಂತ ಡಿಸ್ಕ್‌ನ ಕಡತವೂ ಬುಟ್ಟಿ ತಪ್ಪಿಸಿಕೊಂಡು ಹೋಗುವುದು ಇದೇ ಕಾರಣಕ್ಕೆ.

ಅಪಾಯದ ಸುಳಿವು ಮಾತ್ರ ಪರದೆಯ ಮೇಲೆ ಬಂದಿರುತ್ತದೆ. ಈಗಿನ ವಿಂಡೋಸ್‌ನಲ್ಲಿ ಬುಟ್ಟಿಗೆ ಹೋಗುವ ಕಡತಕ್ಕೆ ಸಾಮಾನ್ಯವಾಗಿ ಪ್ರಶ್ನೆಯೇ ಬರುವುದಿಲ್ಲ. Z: ಡ್ರೈವ್‌ನದನ್ನು ಅಳಿಸುವಾಗ ಕೇಳುತ್ತದೆ, ಅದರಲ್ಲಿ permanently delete ಎಂಬ ಎರಡು ಪದ ಇರುತ್ತವೆ. ಅವಳು ಅದನ್ನು ಓದದೆ ಎಂಟರ್ ಒತ್ತಿದ್ದಳು. ನಾವೆಲ್ಲ ಮಾಡುವುದು ಅದನ್ನೇ.

ನಮ್ಮನ್ನು ಉಳಿಸಿದ್ದು ಸರ್ವರ್‌ನಲ್ಲಿ ಮೊದಲೇ ಚಾಲೂ ಮಾಡಿಟ್ಟಿದ್ದ ಶ್ಯಾಡೋ ಕಾಪಿ. ಅದರ ವೇಳಾಪಟ್ಟಿಯನ್ನು ಬದಲಿಸದಿದ್ದರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 12ಕ್ಕೆ ಡ್ರೈವ್‌ನ ಆಗಿನ ಸ್ಥಿತಿಯನ್ನು ಹಿಡಿದಿಡುತ್ತದೆ. ಅಳಿಸಿಹೋದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಲು ಅದು ಅಲ್ಲಿ ಇರುವುದಿಲ್ಲವಲ್ಲ. ಅದನ್ನು ಹೊತ್ತಿದ್ದ ಮೇಲಿನ ಫೋಲ್ಡರ್‌ನ Properties ತೆರೆದು, Previous Versions ಒತ್ತಿ, 12 ಗಂಟೆಯ ಪ್ರತಿಯನ್ನು ತೆರೆದೆವು. ಬಿಲ್ ಫೋಲ್ಡರ್ ಅಲ್ಲಿತ್ತು. Restore ಒತ್ತಲಿಲ್ಲ, ಒತ್ತಿದ್ದರೆ ಉಳಿದವರು ಮಧ್ಯಾಹ್ನದಿಂದ ತಿದ್ದಿದ ಕಡತಗಳೂ ಹಳೆಯದಕ್ಕೆ ಮರಳುತ್ತಿದ್ದವು. ಆ ಒಂದು ಫೋಲ್ಡರನ್ನಷ್ಟೇ ನಕಲು ಮಾಡಿ ಹೊರಗೆ ತಂದೆವು. ಊಟದ ನಂತರ ಸ್ಕ್ಯಾನ್ ಮಾಡಿದ್ದ ಎರಡು ಬಿಲ್ ಅದರಲ್ಲಿರಲಿಲ್ಲ. ಕಾಗದಗಳು ಇನ್ನೂ ಮೇಜಿನ ಮೇಲೇ ಇದ್ದವು, ಅವಳು ಮತ್ತೆ ಸ್ಕ್ಯಾನ್ ಮಾಡಿದಳು.