ಬಾಗಿಲ ಬಳಿ ಚಾರ್ಜಿಗಿಟ್ಟ ಸ್ಕೂಟರ್

2022ರ ಮಾರ್ಚ್ 25ರ ರಾತ್ರಿ ತಮಿಳುನಾಡಿನ ವೇಲೂರಿನಲ್ಲಿ ತಂದೆ ಮತ್ತು ಮಗಳು ಎಲೆಕ್ಟ್ರಿಕ್ ಸ್ಕೂಟರನ್ನು ಚಾರ್ಜಿಗೆ ಹಾಕಿ ಮಲಗಿದರು. ಗಾಡಿ ಹೊಸದು, ಕೊಂಡು ಕೆಲವೇ ದಿನಗಳಾಗಿದ್ದವು. ರಾತ್ರಿ ಅದಕ್ಕೆ ಬೆಂಕಿ ಹತ್ತಿಕೊಂಡಿತು. ಸ್ಕೂಟರ್ ನಿಂತಿದ್ದದ್ದು ಮನೆಯ ಮುಂಭಾಗದಲ್ಲಿ, ಹೊರಗೋಡಲು ಇದ್ದ ದಾರಿಯಲ್ಲೇ. ಪತ್ರಿಕಾ ವರದಿಗಳ ಪ್ರಕಾರ ಇಬ್ಬರೂ ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಬೆಂಕಿ ಅವರನ್ನು ಮುಟ್ಟಲಿಲ್ಲ. ಹೊಗೆ ಉಸಿರು ಕಟ್ಟಿಸಿತು.

ಮುಂದಿನ ತಿಂಗಳು ತೆಲಂಗಾಣದ ನಿಜಾಮಾಬಾದಿನಲ್ಲಿ ನಡುಮನೆಯಲ್ಲಿ ಚಾರ್ಜಿಗಿಟ್ಟಿದ್ದ ಸ್ಕೂಟರ್ ಬ್ಯಾಟರಿ ಸಿಡಿದು ವೃದ್ಧರೊಬ್ಬರು ತೀರಿಕೊಂಡರು. ಅದೇ ತಿಂಗಳು ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲೇ ಇಟ್ಟಿದ್ದ ಬ್ಯಾಟರಿ ಒಬ್ಬರನ್ನು ಬಲಿ ತೆಗೆದುಕೊಂಡಿತು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ, ಲಾಡ್ಜೊಂದರ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು, ಹೊಗೆ ಮೇಲಿನ ಮಹಡಿಗಳಿಗೆ ಏರಿ ಎಂಟು ಮಂದಿ ಸತ್ತರು. ಈ ಘಟನೆಗಳಲ್ಲಿ ಸ್ಕೂಟರಿನ ಕಂಪನಿ ಯಾವುದು, ತಪ್ಪು ಯಾರದು ಎಂಬ ಚರ್ಚೆ ಸಾಕಷ್ಟು ನಡೆಯಿತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯ ಮೇಲೆ ಮಾತ್ರ ಅಷ್ಟು ಗಮನ ಹೋಗಲಿಲ್ಲ: ಬ್ಯಾಟರಿ ಎಲ್ಲಿತ್ತು? ಮಲಗಿದವರ ಪಕ್ಕದಲ್ಲಿ, ಇಲ್ಲವೇ ಅವರಿಗೂ ಬಾಗಿಲಿಗೂ ನಡುವೆ.

ಸ್ಕೂಟರಿನ ಬ್ಯಾಟರಿ ಎಂದರೆ ಒಂದೇ ಬ್ಯಾಟರಿಯಲ್ಲ. ಬೆರಳುದ್ದದ ನೂರಾರು ಸೆಲ್‌ಗಳನ್ನು ಒಂದು ಪೆಟ್ಟಿಗೆಯೊಳಗೆ ಒತ್ತೊತ್ತಾಗಿ ಜೋಡಿಸಿರುತ್ತಾರೆ. ಪ್ರತಿ ಸೆಲ್‌ನೊಳಗೂ ಧನ ಮತ್ತು ಋಣ ಧ್ರುವಗಳ ಹಾಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಅವೆರಡೂ ಒಂದಕ್ಕೊಂದು ತಾಗದಂತೆ ನಡುವೆ ತಲೆಗೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪರದೆಯೊಂದಿರುತ್ತದೆ. ಸುತ್ತಲೂ ತುಂಬಿರುವುದು ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳಬಲ್ಲ ದ್ರಾವಣ.

ಸೆಲ್‌ನ ಒಳಗಿನ ಬಿಸಿ ಸುಮಾರು 90 ಡಿಗ್ರಿ ಮುಟ್ಟಿದರೆ ಅಲ್ಲಿನ ರಾಸಾಯನಿಕಗಳು ತಾವಾಗಿಯೇ ಒಡೆಯತೊಡಗಿ ಮತ್ತಷ್ಟು ಬಿಸಿ ಹುಟ್ಟಿಸುತ್ತವೆ. 130 ಡಿಗ್ರಿಯ ಆಸುಪಾಸಿನಲ್ಲಿ ಪರದೆ ಕರಗಲು ತೊಡಗುತ್ತದೆ. ಎರಡು ಧ್ರುವಗಳು ತಾಗಿದವೆಂದರೆ ಸೆಲ್‌ನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಕ್ಷಣಗಳಲ್ಲಿ ಬಿಡುಗಡೆಯಾಗುತ್ತದೆ, ಆ ಬಿಸಿಗೆ ಪಕ್ಕದ ಸೆಲ್ ಕೆಡುತ್ತದೆ, ಆಮೇಲೆ ಅದರ ಪಕ್ಕದ್ದು. ಹಲವು ಬಗೆಯ ಸೆಲ್‌ಗಳಲ್ಲಿ ಧನಧ್ರುವದ ವಸ್ತುವೇ ಆಮ್ಲಜನಕವನ್ನು ಬಿಡುವುದರಿಂದ, ಕಂಬಳಿ ಮುಚ್ಚಿ ಗಾಳಿ ತಪ್ಪಿಸಿದರೂ ಈ ಬೆಂಕಿ ಆರುವುದಿಲ್ಲ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಎಂಬ ಸುಡುವ ವಿಷಾನಿಲವೂ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ನಿದ್ದೆಯಲ್ಲಿರುವವರಿಗೆ ಎಚ್ಚರಾಗುವ ಹೊತ್ತಿಗೆ ಓಡುವ ಸಮಯ ಮೀರಿರಬಹುದು.

ಚಾರ್ಜಿಗೆ ಹಾಕಿದಾಗಲೇ ಇದು ಹೆಚ್ಚಾಗಿ ಏಕೆ ಆಗುತ್ತದೆ? ಸೆಲ್‌ಗೆ ಅದರ ಮಿತಿ ಮೀರಿ ವಿದ್ಯುತ್ ತುಂಬುವುದು ಮುಖ್ಯ ಕಾರಣಗಳಲ್ಲೊಂದು. ‘60 ವೋಲ್ಟ್’ ಎಂದು ಬರೆದ ಎರಡು ಚಾರ್ಜರ್‌ಗಳನ್ನು ನೋಡಿ. ಒಂದು ಹಳೆಯ ಲೆಡ್ ಆಸಿಡ್ ಬ್ಯಾಟರಿಗೆ ಮಾಡಿದ್ದು, ಅದು 73 ವೋಲ್ಟ್‌ನವರೆಗೂ ತುಂಬುತ್ತಾ ಹೋಗುತ್ತದೆ. ಸಾಲಾಗಿ 16 ಸೆಲ್ ಜೋಡಿಸಿದ ಸಾಮಾನ್ಯ ಲಿಥಿಯಂ ಪ್ಯಾಕ್ 67.2 ವೋಲ್ಟ್‌ಗೆ, ಅಂದರೆ ಸೆಲ್ ಒಂದಕ್ಕೆ 4.2 ವೋಲ್ಟ್‌ಗೆ, ತುಂಬಿ ಮುಗಿಯಬೇಕು. ಪಿನ್ ಒಂದೇ ಅಳತೆಯದೆಂದು ಹಳೆಯ ಚಾರ್ಜರನ್ನೇ ಇದಕ್ಕೆ ಸಿಕ್ಕಿಸಿದರೆ ಪ್ರತಿ ಸೆಲ್ ಮೇಲೂ ನಾಲ್ಕೂವರೆ ವೋಲ್ಟ್‌ಗಿಂತ ಹೆಚ್ಚಿನ ಒತ್ತಡ ಬೀಳುತ್ತದೆ. ಅದನ್ನು ತಡೆಯುವುದು ಪ್ಯಾಕ್ ಒಳಗಿನ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟ್ ಒಂದೇ. ಅಗ್ಗದ ಪ್ಯಾಕ್‌ನಲ್ಲಿ ಅದು ಕಳಪೆಯಾಗಿದ್ದರೆ, ಅಥವಾ ಬೀದಿ ಬದಿಯ ರಿಪೇರಿಯಲ್ಲಿ ಅದನ್ನು ಕಿತ್ತು ನೇರ ತಂತಿ ಕೊಟ್ಟಿದ್ದರೆ, ತಡೆಯಲು ಯಾರೂ ಇಲ್ಲ. ಚಾರ್ಜರ್ ಕೆಟ್ಟಾಗ ನೂರಿನ್ನೂರು ರೂಪಾಯಿ ಉಳಿಸಲು ಹೋಗದೆ, ಗಾಡಿಯ ಕಂಪನಿಯದೇ, ಅದೇ ಮಾದರಿಯದೇ ಚಾರ್ಜರ್ ತರಬೇಕು ಎನ್ನುವುದು ಇದಕ್ಕಾಗಿ.

ಗಾಡಿ ಬಿದ್ದು ಪೆಟ್ಟಾಗಿದ್ದರೆ, ಮಳೆನೀರಿನಲ್ಲಿ ಮುಳುಗಿದ್ದರೆ, ಒಳಗಿನ ಗಾಯ ಆಗಲೇ ಕಾಣದೆ ವಾರಗಳ ನಂತರ ಚಾರ್ಜಿನ ಹೊತ್ತಿಗೆ ಹೊರಬರಬಹುದು. ಪೆಟ್ಟಿಗೆ ಉಬ್ಬಿಕೊಂಡಿದ್ದರೆ, ಸಿಹಿ ಬೆರೆತ ಉಗುರುಬಣ್ಣದಂಥ ವಾಸನೆ ಬಂದರೆ, ಬುಸ್ ಎಂಬ ಸದ್ದು ಕೇಳಿದರೆ ಆ ಬ್ಯಾಟರಿಯನ್ನು ಇನ್ನು ಒಂದು ಸಲವೂ ಚಾರ್ಜ್ ಮಾಡಬಾರದು. 2022ರ ದುರಂತಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ಎಂಬ ಮಾನದಂಡವನ್ನು ಬಿಗಿಗೊಳಿಸಿತು. ಹಾಗಾಗಿ 2023ರ ಮಾರ್ಚ್ ನಂತರ ತಯಾರಾದ, ನೋಂದಣಿಯಾಗುವ ಗಾಡಿಗಳ ಪ್ಯಾಕ್‌ಗಳು ಮೊದಲಿನವಕ್ಕಿಂತ ಕಠಿಣ ಪರೀಕ್ಷೆ ದಾಟಿ ಬರುತ್ತವೆ. ಅದಕ್ಕೂ ಹಿಂದಿನ ಗಾಡಿ ಇರುವವರು, ಲೈಸೆನ್ಸ್ ಬೇಡದ ನಿಧಾನಗತಿಯ ಸ್ಕೂಟರ್ ಇರುವವರು ಹೆಚ್ಚು ಎಚ್ಚರವಾಗಿರಬೇಕು.

ಮೊಬೈಲಿನ ವಿಷಯ ಸ್ವಲ್ಪ ಬೇರೆ. 5,000 ಎಂಎಎಚ್ ಫೋನಿನಲ್ಲಿರುವುದು ಸುಮಾರು 19 ವ್ಯಾಟ್-ಅವರ್ ಶಕ್ತಿ. ಎರಡು ಯೂನಿಟ್ ಹಿಡಿಸುವ ಸ್ಕೂಟರ್ ಪ್ಯಾಕ್‌ನಲ್ಲಿ ಅದರ ನೂರು ಪಟ್ಟು ಇರುತ್ತದೆ. ಬ್ಯಾಟರಿ ತುಂಬಿದ ಮೇಲೆ ಒಳ್ಳೆಯ ಫೋನು ತಾನೇ ನಿಲ್ಲಿಸುವುದರಿಂದ ರಾತ್ರಿಯಿಡೀ ಸಿಕ್ಕಿಸಿದ್ದೇ ತಪ್ಪು ಎನ್ನಲಾಗದು. ತಪ್ಪಾಗುವುದು ಅದನ್ನು ದಿಂಬಿನ ಅಡಿ, ಹಾಸಿಗೆಯ ಮೇಲೆ ಇಟ್ಟಾಗ: ಬಿಸಿ ಹೊರಹೋಗಲು ಜಾಗವಿಲ್ಲ, ಹೊತ್ತಿಕೊಳ್ಳಲು ಹತ್ತಿ ಸಿದ್ಧವಾಗಿದೆ. ಇನ್ನೊಂದು ಅಪಾಯ ನಕಲಿ ಚಾರ್ಜರ್. ಭಾರತದಲ್ಲಿ ಮಾರುವ ಮೊಬೈಲ್ ಚಾರ್ಜರ್ ಮೇಲೆ ಬಿಐಎಸ್ ಗುರುತು ಮತ್ತು R- ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಕಡ್ಡಾಯ. BIS Care ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಹೆಸರು ಹೊಂದದಿದ್ದರೆ ಆ ಚಾರ್ಜರ್ ಬೇಡ.

ಸ್ಕೂಟರನ್ನು ರಾತ್ರಿಯಿಡೀ ಚಾರ್ಜಿಗಿಡುವುದು ಬಹಳ ಮನೆಗಳಲ್ಲಿ ಅಭ್ಯಾಸವಾಗಿಬಿಟ್ಟಿದೆ, ಆದರೆ ಅದರ ಅಗತ್ಯ ಅಪರೂಪ. ಊರೊಳಗೆ ದಿನಕ್ಕೆ 30 ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು ಒಂದು ಯೂನಿಟ್. 750 ವ್ಯಾಟ್ ಚಾರ್ಜರ್ ಅದನ್ನು ಎರಡು ಗಂಟೆಯೊಳಗೆ ತುಂಬಿಸುತ್ತದೆ. ಸಂಜೆ ಮನೆಗೆ ಬಂದವರು ಬ್ಯಾಟರಿ ತಣಿಯಲು ಅರ್ಧ ಗಂಟೆ ಬಿಟ್ಟು ಚಾರ್ಜಿಗೆ ಹಾಕಿದರೆ ಊಟ ಮುಗಿಸಿ ಮಲಗುವ ಮೊದಲು ತೆಗೆಯಬಹುದು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಗೋಡೆಯ ಗಟ್ಟಿ ಸಾಕೆಟ್ಟೇ ಇರಲಿ. ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಸುಡುವಷ್ಟು ಬಿಸಿಯಿದ್ದರೆ, ಸಾಕೆಟ್ ಕಪ್ಪಾಗಿದ್ದರೆ, ಒಳಗಿನ ಹಿಡಿತ ಸಡಿಲವಾಗಿದೆ ಎಂದರ್ಥ. ಅದನ್ನು ಎಲೆಕ್ಟ್ರಿಷಿಯನ್ ಬದಲಿಸುವವರೆಗೆ ಅಲ್ಲಿ ಚಾರ್ಜ್ ಮಾಡುವಂತಿಲ್ಲ.

ಜಾಗದ ಪ್ರಶ್ನೆ ಇದಕ್ಕಿಂತ ಕಠಿಣ. ಕಳ್ಳರ ಭಯಕ್ಕೆ ಸ್ಕೂಟರನ್ನು ಹಜಾರಕ್ಕೇ ಎಳೆದುಕೊಳ್ಳುವ ಮನೆಗಳು, ಮೆಟ್ಟಿಲ ಕೆಳಗೆ ಮಾತ್ರ ಜಾಗವಿರುವ ವಠಾರಗಳು ಬೆಂಗಳೂರಿನಲ್ಲಿ ಎಷ್ಟೋ ಇವೆ. ಮೆಟ್ಟಿಲ ಕೆಳಗೆ ಹತ್ತಿದ ಬೆಂಕಿ ಮೇಲಿನ ಎಲ್ಲರ ದಾರಿಯನ್ನೂ ಕಡಿದುಬಿಡುತ್ತದೆ, ಸಿಕಂದರಾಬಾದಿನಲ್ಲಿ ಆದದ್ದೂ ಅದೇ ಬಗೆಯದು. ಮನೆಯವರೂ ಮಾಲೀಕರೂ ಕೂತು ಮಾತಾಡಿ, ಗೇಟಿನೊಳಗೆ ಮಳೆ ಬೀಳದ ಮೂಲೆಯಲ್ಲಿ ಬೀಗ ಹಾಕುವ ಕೊಂಡಿಯನ್ನೂ ಸ್ವಂತ ಎಂಸಿಬಿ ಇರುವ ಸಾಕೆಟ್ಟನ್ನೂ ಹಾಕಿಸಿಕೊಳ್ಳಲೇಬೇಕು. ಕಳಚಿ ಒಳಗೆ ತರುವ ಬ್ಯಾಟರಿಯಾದರೆ ಬಾಲ್ಕನಿಯ ಕಲ್ಲಿನ ನೆಲ ಮೇಲು, ಮಂಚದ ಪಕ್ಕ ಮತ್ತು ಮುಂಬಾಗಿಲ ಬಳಿ ಬೇಡವೇ ಬೇಡ.

ಹೊಗೆ ಕಂಡರೆ ಬ್ಯಾಟರಿಯನ್ನು ಎತ್ತಿ ಹೊರಗೆ ಒಯ್ಯುವ ಸಾಹಸ ಮಾಡದಿರಿ. ಎಲ್ಲರನ್ನೂ ಎಬ್ಬಿಸಿ ಹೊರಗೆ ಬನ್ನಿ, ಬರುವಾಗ ಬಾಗಿಲು ಮುಚ್ಚಿ, 101 ಅಥವಾ 112ಕ್ಕೆ ಕರೆಮಾಡಿ ಲಿಥಿಯಂ ಬ್ಯಾಟರಿಗೆ ಬೆಂಕಿ ಬಿದ್ದಿದೆ ಎಂದೇ ಹೇಳಿ. ಇದನ್ನು ತಣಿಸಲು ಬಹಳ ನೀರು ಬೇಕಾಗುತ್ತದೆ. ಆರಿದಂತೆ ಕಂಡ ಪ್ಯಾಕ್ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ಅದನ್ನು ಮತ್ತೆ ಮನೆಯೊಳಗೆ ತರಬೇಡಿ.