ಕ್ಯಾಮೆರಾದ ಕೆಳಗಿನ ಐದು ಸೆಂಟಿಮೀಟರ್

ವಿಡಿಯೊ ಕರೆಯಲ್ಲಿ ನಾವು ನೋಡುವುದು ಪರದೆಯ ಮೇಲಿನ ಮುಖವನ್ನು. ನಮ್ಮನ್ನು ನೋಡುವುದು ಕ್ಯಾಮೆರಾ. ಎರಡೂ ದೂರ ದೂರ ಇದ್ದಷ್ಟೂ ನಾವು ಬೇರೆಲ್ಲೋ ನೋಡುತ್ತಿದ್ದೇವೆ ಎಂದು ಆ ಕಡೆಯವರಿಗೆ ಅನ್ನಿಸುತ್ತದೆ. ಕ್ಯಾಮೆರಾವನ್ನೇ ನೋಡಿ ಮಾತಾಡಿ ಎಂದು ಹಲವರು ಹೇಳುತ್ತಾರೆ. ಹಾಗೆ ಮಾಡಿದರೆ ಎದುರಿನವರು ತಲೆದೂಗಿದರೋ ಹುಬ್ಬು ಗಂಟಿಕ್ಕಿದರೋ ನಮಗೆ ಕಾಣುವುದಿಲ್ಲ. ಅವರ ಮುಖವನ್ನೇ ಕ್ಯಾಮೆರಾದ ಹತ್ತಿರಕ್ಕೆ ತರುವುದು ಇದಕ್ಕಿಂತ ಒಳ್ಳೆಯ ದಾರಿ.

ಎಷ್ಟು ಹತ್ತಿರಕ್ಕೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಿಲ್ಟನ್ ಚೆನ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದಕ್ಕೆ ಉತ್ತರವಿದೆ. ನೋಟ ಎಡಕ್ಕೋ ಬಲಕ್ಕೋ ಮೇಲಕ್ಕೋ ತುಸು ಸರಿದರೂ ನಾವು ಥಟ್ಟನೆ ಗುರುತಿಸುತ್ತೇವೆ. ಕೆಳಕ್ಕೆ ಇಳಿದರೆ ಮಾತ್ರ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಕೆಳಮುಖವಾಗಿ ಸುಮಾರು 5 ಡಿಗ್ರಿಯವರೆಗೆ ಕಣ್ಣಿಗೆ ಕಣ್ಣು ಕೂಡಿದಂತೆಯೇ ಇರುತ್ತದೆ. ಕ್ಯಾಮೆರಾ ಮೇಲೆ, ಮುಖ ಅದರ ನೇರ ಕೆಳಗೆ ಇರಬೇಕು ಎನ್ನುವುದು ಇದರಿಂದಲೇ. ಪರದೆಯಿಂದ 60 ಸೆಂ.ಮೀ. ದೂರ ಕೂತವರಿಗೆ 5 ಡಿಗ್ರಿ ಎಂದರೆ 5 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು.

ಮನೆಯಿಂದಲೇ ಕೆಲಸದ ಸಂದರ್ಶನ ಕೊಡುವವರೊಬ್ಬರ ಮೇಜನ್ನು ನೋಡೋಣ. ಎದುರಿಗೆ 24 ಇಂಚಿನ ಮಾನಿಟರ್, ಪಕ್ಕದಲ್ಲಿ ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನ ಕ್ಯಾಮೆರಾ ಬಳಸಿ ಮಾನಿಟರ್ ನೋಡುತ್ತಾ ಮಾತಾಡಿದರೆ ಇಡೀ ಸಂದರ್ಶನ ಪಕ್ಕನೋಟದಲ್ಲೇ ಮುಗಿಯುತ್ತದೆ. ಯಾವ ಪರದೆಯಲ್ಲಿ ಕ್ಯಾಮೆರಾ ಇದೆಯೋ ಕರೆಯ ವಿಂಡೊ ಅಲ್ಲೇ ಇರಬೇಕು. ಮಾನಿಟರಿನ ನೆತ್ತಿಯ ನಡುವೆ ವೆಬ್‌ಕ್ಯಾಮ್ ಕೂರಿಸಿದರೂ ಕೆಲಸ ಅರ್ಧವೇ ಆದದ್ದು. ಆ ಪರದೆಯ ಎತ್ತರ ಸುಮಾರು 30 ಸೆಂ.ಮೀ.; ವಿಂಡೊ ನಟ್ಟನಡುವೆ ಇದ್ದರೆ ನೋಟ ಲೆನ್ಸಿಗಿಂತ 15 ಡಿಗ್ರಿಯಷ್ಟು ಕೆಳಗೆ ಬೀಳುತ್ತದೆ. ನೋಡುವವರಿಗೆ ಅದು ತಲೆ ತಗ್ಗಿಸಿ ಏನೋ ಓದುತ್ತಿರುವಂತೆ ಕಾಣುತ್ತದೆ. ಸಂದರ್ಶನದಲ್ಲಿ ಅಂಥ ಅನುಮಾನ ಹುಟ್ಟಲೇಬಾರದು.

ಆದ್ದರಿಂದ ವಿಂಡೊವನ್ನು ಪೂರ್ಣ ಪರದೆಯಿಂದ ಬಿಡಿಸಿ, 12 ಸೆಂ.ಮೀ. ಅಗಲಕ್ಕೆ ಕುಗ್ಗಿಸಿ, ಕ್ಯಾಮೆರಾದ ಕೆಳಗೆ ಮೇಲಂಚಿಗೆ ತಾಗಿಸಿ. ಚಿತ್ರದಲ್ಲಿ ಕಣ್ಣುಗಳು ಸಾಮಾನ್ಯವಾಗಿ ಮೇಲಿನ ಮೂರನೇ ಒಂದು ಭಾಗದಲ್ಲಿರುತ್ತವೆ. ಮೇಲಿನ ಪಟ್ಟಿ, ಮಾನಿಟರಿನ ಚೌಕಟ್ಟು ಎಲ್ಲ ಸೇರಿದರೂ ಲೆನ್ಸಿನಿಂದ ಆ ಕಣ್ಣಿಗೆ 5 ಸೆಂ.ಮೀ. ಆಸುಪಾಸು. ಮುಖ ತೀರಾ ಚಿಕ್ಕದಾಯಿತು ಎನ್ನುವವರು ಕುರ್ಚಿಯನ್ನು 80 ಸೆಂ.ಮೀ.ಗೆ ಹಿಂದೆ ಸರಿಸಿದರೆ 7 ಸೆಂ.ಮೀ.ವರೆಗೂ ಅವಕಾಶ ಸಿಗುತ್ತದೆ.

ಸಂದರ್ಶಕರು ನಾಲ್ಕೈದು ಮಂದಿ ಇದ್ದರೆ ಚೌಕಗಳು ಪರದೆ ತುಂಬ ಹರಡುತ್ತವೆ, ನೋಟವೂ ಅಲೆಯುತ್ತದೆ. ಪ್ರಶ್ನೆ ಕೇಳುವವರನ್ನು ಪಿನ್ ಮಾಡಿಕೊಳ್ಳಿ. ನಿಮ್ಮದೇ ಮುಖದ ಚೌಕವನ್ನು ಮರೆಮಾಡಿ, ಕಣ್ಣು ಅತ್ತ ಎಳೆಯುವುದು ತಪ್ಪುತ್ತದೆ. ಬರಿಯ ಲ್ಯಾಪ್‌ಟಾಪ್ ಇರುವವರು ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುವಷ್ಟು ಪುಸ್ತಕಗಳನ್ನು ಅದರ ಕೆಳಗಿಡಲಿ.

ಕರೆಗೆ ಮುನ್ನ ಒಂದು ಪರೀಕ್ಷೆ ಮಾಡಿ. ರೆಕಾರ್ಡಿಂಗ್ ಹಾಕಿ ಅರ್ಧ ನಿಮಿಷ ಲೆನ್ಸನ್ನೂ ಇನ್ನರ್ಧ ನಿಮಿಷ ವಿಂಡೊದ ಮುಖವನ್ನೂ ನೋಡುತ್ತಾ ಮಾತಾಡಿ. ಯಾವುದು ಯಾವುದೆಂದು ಮನೆಯವರಿಗೆ ಗೊತ್ತಾದರೆ ವಿಂಡೊವನ್ನು ಇನ್ನೂ ಸ್ವಲ್ಪ ಮೇಲಕ್ಕೆ ಸರಿಸಿ.