ತಟ್ಟೆ ಒಂದೇ, ತಿಂಡಿ ಹಲವು

ಡೆಲಿವರಿ ಆಪ್‌ನಲ್ಲಿ ಯಾವುದಾದರೂ ದರ್ಶಿನಿಯ ಮೆನು ತೆರೆದು ನೋಡಿ. ಇಡ್ಲಿಯನ್ನು ನೆತ್ತಿಯ ಮೇಲಿನಿಂದ ತೆಗೆದಿರುತ್ತಾರೆ, ದೋಸೆಯನ್ನು ಪಕ್ಕದಿಂದ. ಒಂದಕ್ಕೆ ಹಗಲ ಬೆಳಕು, ಇನ್ನೊಂದಕ್ಕೆ ಹಳದಿ ಬಲ್ಬು. ಎಲ್ಲವೂ ಒಂದೇ ಅಡುಗೆಮನೆಯವು ಎಂದು ಅನ್ನಿಸುವುದೇ ಇಲ್ಲ. ಚಿತ್ರ ಬರೆಯುವ ಎಐ ಬಂದ ಮೇಲೆ ಇದು ಸುಲಭವಾಗಬೇಕಿತ್ತು. ಆದರೆ ತಿಂಡಿಯ ಹೆಸರು ಟೈಪ್ ಮಾಡಿ ಪಡೆದ ಚಿತ್ರಗಳು ಒಂಟಿಯಾಗಿ ನೋಡಿದಾಗ ಚೆನ್ನ. ಸಾಲಾಗಿ ಇಟ್ಟರೆ ಒಂದರ ತಟ್ಟೆ ಇನ್ನೊಂದರದ್ದಲ್ಲ.

ಈ ತಂತ್ರಾಂಶಗಳಲ್ಲಿ ಬಹುಪಾಲು ಗೊತ್ತುಗುರಿಯಿಲ್ಲದ ಚುಕ್ಕೆಗಳ ಗೊಂದಲದಿಂದ ಆರಂಭಿಸಿ, ನಾವು ಕೊಟ್ಟ ಮಾತಿನ ಜಾಡು ಹಿಡಿದು ಹಂತಹಂತವಾಗಿ ಚಿತ್ರವನ್ನು ತಿಳಿಯಾಗಿಸುತ್ತವೆ. ಮೊದಲ ಗೊಂದಲ ಹೇಗಿರಬೇಕೆಂದು ನಿರ್ಧರಿಸುವ ಸಂಖ್ಯೆಗೆ ಸೀಡ್ ಎನ್ನುತ್ತಾರೆ. ಸೀಡ್ ಒಂದೇ ಇಟ್ಟರೆ ತಟ್ಟೆಯೂ ಒಂದೇ ಬರುತ್ತದೆ ಎಂದು ಹಲವರು ನಂಬಿದ್ದಾರೆ. ಹಾಗಾಗುವುದಿಲ್ಲ. 'ಇಡ್ಲಿ' ಇದ್ದಲ್ಲಿ 'ಉಪ್ಪಿಟ್ಟು' ಎಂದು ಬದಲಿಸಿದರೆ ಆ ಬದಲಾವಣೆ ಪ್ರತಿ ಹಂತದಲ್ಲೂ ಇಡೀ ಚಿತ್ರವನ್ನು ಎಳೆಯುತ್ತದೆ. ತಟ್ಟೆಯ ಅಂಚು ದಪ್ಪವಾಗುತ್ತದೆ, ನೆರಳು ಜರುಗುತ್ತದೆ.

ಆದ್ದರಿಂದ ತಟ್ಟೆ ಬರೆಯುವ ಕೆಲಸವನ್ನು ಎಐಗೆ ಕೊಡದಿರುವುದೇ ಮೇಲು. ನಿಜವಾದ ಖಾಲಿ ತಟ್ಟೆಯ ಒಂದು ಒಳ್ಳೆಯ ಫೋಟೊ ತೆಗೆಯಬೇಕು. ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸುಮಾರು 45 ಡಿಗ್ರಿಗೆ ಬಗ್ಗಿಸಿದರೆ, ಊಟಕ್ಕೆ ಕೂತವರ ಕಣ್ಣಿಗೆ ಕಾಣುವ ಕೋನ ಸಿಗುತ್ತದೆ; ಇಡ್ಲಿಯ ಉಬ್ಬೂ ಕಾಣುತ್ತದೆ, ಬಟ್ಟಲಿನೊಳಗಿನ ಸಾಂಬಾರೂ ಕಾಣುತ್ತದೆ. ಬೆಳಕು ಎಡ ಹಿಂಬದಿಯ ಕಿಟಕಿಯಿಂದ ಬರಲಿ. ತಟ್ಟೆ ಹೊಳಪಿಲ್ಲದ ಬಿಳಿ ಪಿಂಗಾಣಿಯದ್ದಾಗಿರಲಿ. ಸ್ಟೀಲ್ ತಟ್ಟೆ ನಮ್ಮದೇ ಆದರೂ ಇಲ್ಲಿ ಬೇಡ: ಅದರ ಮೈಯಲ್ಲಿ ಪ್ರತಿ ತಿಂಡಿಯ ಪ್ರತಿಬಿಂಬ ಮೂಡಬೇಕು, ಖಾಲಿ ತಟ್ಟೆಯ ಫೋಟೊದಲ್ಲಿ ಅದು ಇರುವುದಿಲ್ಲ.

ಮುಂದೆ ಆ ಫೋಟೊದ ಮೇಲೆ ಮಾಸ್ಕ್ ಹಾಕಬೇಕು. ಮಾಸ್ಕ್ ಎಂದರೆ ಅದೇ ಅಳತೆಯ ಕಪ್ಪು-ಬಿಳಿ ಚಿತ್ರ. ಸಾಮಾನ್ಯವಾಗಿ ಬಿಳಿ ಇದ್ದಲ್ಲಿ ಮಾತ್ರ ಎಐ ಹೊಸದಾಗಿ ಬರೆಯುತ್ತದೆ, ಕಪ್ಪು ಇದ್ದಲ್ಲಿ ಮುಟ್ಟುವುದಿಲ್ಲ. ಇದಕ್ಕೆ ಇನ್‌ಪೇಂಟಿಂಗ್ ಎಂದು ಹೆಸರು. ಕೆಲಸ ಕೆಡುವುದು ಹೆಚ್ಚಾಗಿ ಈ ಮಾಸ್ಕಿನಲ್ಲೇ. ತಿಂಡಿಯ ಅಳತೆಗೆ ಬಿಗಿಯಾಗಿ ಬಿಡಿಸಿದರೆ ನೆರಳು ಬೀಳಲು ಜಾಗವಿಲ್ಲದೆ ಇಡ್ಲಿ ತಟ್ಟೆಯ ಮೇಲೆ ತೇಲಿದಂತೆ ಕಾಣುತ್ತದೆ. ಬೆಳಕು ಎಡದಿಂದ ಬರುವಾಗ ಬಲ ಮುಂಬದಿಗೆ ಒಂದಿಷ್ಟು ಜಾಗ ಹೆಚ್ಚು ಬಿಡಬೇಕು. ತಟ್ಟೆಯ ಅಂಚು ದಾಟಿ ಚಾಚುವ ಮಸಾಲೆ ದೋಸೆಗೆ ಬೇರೆಯದೇ ಉದ್ದ ಮಾಸ್ಕ್ ಬೇಕು. ಇಲ್ಲದಿದ್ದರೆ ಅದು ಗಿಡ್ಡವಾಗಿ ಮುದುಡಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಹಲವು ಮಾದರಿಗಳು ಚಿತ್ರವನ್ನು ಒಳಗೆ ಕುಗ್ಗಿಸಿ ಮತ್ತೆ ಹಿಗ್ಗಿಸುತ್ತವೆ; ಆಗ ಮಾಸ್ಕಿನ ಹೊರಗಿನ ಭಾಗವೂ ತುಸು ಮಸುಕಾಗುತ್ತದೆ. ಹೊಸ ಚಿತ್ರದಿಂದ ತಿಂಡಿ ಮತ್ತು ಅದರ ನೆರಳನ್ನಷ್ಟೇ ತೆಗೆದು, ಅಂಚು ಮೆದುಗೊಳಿಸಿ, ಮೂಲ ಫೋಟೊದ ಮೇಲೆ ಕೂರಿಸಿದರೆ ತಟ್ಟೆ ಕೂದಲೆಳೆಯಷ್ಟೂ ಕದಲುವುದಿಲ್ಲ.

ಬರೆಯುವ ಮಾತಿನಲ್ಲಿ ಬೆಳಕು ಮತ್ತು ಕೋನದ ಸಾಲು ಎಲ್ಲದಕ್ಕೂ ಒಂದೇ ಇರಬೇಕು, ತಿಂಡಿಯ ಸಾಲು ಮಾತ್ರ ಬದಲಾಗಬೇಕು. ಇಡ್ಲಿ-ವಡೆಗೆ ಹೀಗೆ:

```
two white steamed idlis, one brown urad dal vada
with a hole, small bowl of coconut chutney.
45-degree view, soft window light from back left
```

ತಿಂಡಿಯ ಹೆಸರೊಂದನ್ನೇ ನೆಚ್ಚಬಾರದು. ರಾಗಿ ಮುದ್ದೆ ಚಾಕೊಲೇಟ್ ಉಂಡೆಯಾಗಿಯೂ, ಉದ್ದಿನ ವಡೆ ಡೋನಟ್ ಆಗಿಯೂ, ಬಿಸಿಬೇಳೆ ಬಾತ್ ತರಕಾರಿ ಪಲಾವ್ ಆಗಿಯೂ ಬರಬಹುದು. ಬಣ್ಣ, ಆಕಾರ, ಮೈಯ ಒರಟು-ನುಣುಪು ವಿವರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಅದಕ್ಕಿಂತ ಗಟ್ಟಿಯಾದ ದಾರಿ, ಹೋಟೆಲಿನ ಅಡುಗೆಯನ್ನೇ ಮೊಬೈಲಿನಲ್ಲಿ ತೆಗೆದು ಮಾದರಿ ಚಿತ್ರವಾಗಿ ಜೊತೆಗೆ ಕೊಡುವುದು. ಆಗ ಎಐ ತಿಂಡಿಯನ್ನು ಊಹಿಸಬೇಕಿಲ್ಲ, ಆ ತಟ್ಟೆಗೂ ಬೆಳಕಿಗೂ ಹೊಂದಿಸಿದರೆ ಸಾಕು. ನನ್ನ ಮಟ್ಟಿಗೆ ಪ್ರಾಮಾಣಿಕವಾದ ದಾರಿಯೂ ಇದೇ, ಏಕೆಂದರೆ ಗ್ರಾಹಕರು ದುಡ್ಡು ಕೊಡುವುದು ಆ ಅಡುಗೆಮನೆಯ ಬಾತಿಗೆ.

ಪರೀಕ್ಷೆಗೆ ಎಲ್ಲ ಚಿತ್ರಗಳನ್ನೂ ಚಿಕ್ಕದಾಗಿಸಿ ಒಂದೇ ಪರದೆಯಲ್ಲಿ ಸಾಲುಸಾಲಾಗಿ ಜೋಡಿಸಬೇಕು. ಬಣ್ಣದಲ್ಲಿ ಬೇರೆಯಾದದ್ದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಬಳಿಕ ಎರಡೆರಡನ್ನು ಒಂದರ ಮೇಲೊಂದಿಟ್ಟು ಬೇಗಬೇಗ ಬದಲಿಸಿ ನೋಡಿದರೆ ತಟ್ಟೆಯ ಅಂಚು ಅಲುಗಬಾರದು. ಬೆಳಕಿಗೆ ತುಪ್ಪವೇ ಸಾಕ್ಷಿ: ಬಾತಿನ ಮೇಲಿನ ತುಪ್ಪದ ಮಿಂಚು ಬಲಗಡೆ ಬಂದಿದ್ದರೆ ಆ ಚಿತ್ರ ತಪ್ಪು. ಕೊನೆಗೆ ಲೆಕ್ಕ. ಪಾರ್ಸೆಲ್‌ನಲ್ಲಿ ಎರಡು ಇಡ್ಲಿ ಹೋಗುವುದಾದರೆ ಚಿತ್ರದಲ್ಲೂ ಎರಡೇ ಇರಬೇಕು. ಎಐ ಮೂರು ಬರೆದುಬಿಡುವುದುಂಟು, ಉಪ್ಪಿಟ್ಟಿಗೆ ಕೇಳದ ಗೋಡಂಬಿ ಉದುರಿಸುವುದೂ ಉಂಟು. ಕೊಡದ್ದನ್ನು ತೋರಿಸಿ ಮಾರಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ದಾರಿತಪ್ಪಿಸುವ ಜಾಹೀರಾತು ಎನಿಸಿಕೊಳ್ಳಬಹುದು. ಹಾಗಾಗಿ ಈ ಕೊನೆಯ ಪರೀಕ್ಷೆಯನ್ನು ಕಂಪ್ಯೂಟರ್ ಹುಡುಗನಿಗಿಂತ ದಿನವೂ ಪಾರ್ಸೆಲ್ ಕಟ್ಟುವವರ ಕೈಲಿ ಮಾಡಿಸುವುದು ಒಳ್ಳೆಯದು.